ಅಂಗಡಿ ಗಾಜು ಒಡೆದ ಹುಡುಗನ ಎದುರು ಕೂರಬೇಕಾ?

ಪ್ರಶ್ನೆ: ನಮ್ಮದು ತಾಲೂಕು ಕೇಂದ್ರದಲ್ಲಿ ಒಂದು ಚಿಕ್ಕ ಬೇಕರಿ. ಲೈಸೆನ್ಸು ನನ್ನ ಹೆಸರಲ್ಲಿದೆ. ಗಣಪತಿ ಬಿಡೋ ರಾತ್ರಿ ಪಕ್ಕದ ಬೀದಿಯ 20 ವರ್ಷದ ಹುಡುಗ ಹಳೇ ಬಾಕಿ ಕೇಳಿದ್ದಕ್ಕೆ ಒಳಗೆ ನುಗ್ಗಿ ಶೋಕೇಸ್ ಗಾಜು ಒಡೆದ, ತೂಕದ ಮಷಿನ್ ಎತ್ತಿ ಹಾಕಿದ, ಬಾಯಿಗೆ ಬಂದ ಹಾಗೆ ಬೈದು ನಮ್ಮ ಯಜಮಾನರ ಕೆನ್ನೆಗೆ ಹೊಡೆದ. ಎಫ್‌ಐಆರ್ ಆಯ್ತು, ಚಾರ್ಜ್‌ಶೀಟೂ ಕೋರ್ಟಿಗೆ ಹೋಯ್ತು. ಈಗ ಅವನ ತಾಯಿ ದಿನಾ ಬಂದು ಅಳ್ತಾರೆ. ಸ್ಟೇಷನ್ನಲ್ಲಿ ಮುಚ್ಚಳಿಕೆ ಬರೆಸಿಕೊಂಡು ಎಫ್‌ಐಆರ್ ವಾಪಸ್ ತಗೊಳ್ಳಿ ಅಂತ ಊರಿನವರು ಹೇಳ್ತಾರೆ. ನಮ್ಮ ವಕೀಲರು ಕೋರ್ಟಿನಿಂದಲೇ ಮಧ್ಯಸ್ಥಿಕೆಗೆ ಹೋಗಬಹುದು, ಅವನ ಜೊತೆ ಎದುರುಬದುರು ಕೂತು ಮಾತಾಡಬಹುದು ಅಂದರು. ನನಗೆ ಅವನನ್ನು ನೋಡಿದರೇ ಕೈ ನಡುಗುತ್ತೆ. ದುಡ್ಡು ತಗೊಂಡು ಕೇಸು ಬಿಟ್ಟರೆ ತಪ್ಪಾ? ಒಪ್ಪಿಕೊಂಡ ಮೇಲೆ ಅವನು ಕೊಡದೇ ಹೋದರೆ ಏನು ಗತಿ?

— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಚಾರ್ಜ್‌ಶೀಟಿನ ಪ್ರತಿ ತೆಗೆದು ಅದರಲ್ಲಿ ಯಾವ ಯಾವ ಕಲಮು ಹಾಕಿದ್ದಾರೆ ನೋಡಿ. ನೀವು ಹೇಳಿದ ಘಟನೆಗೆ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ ನಾಲ್ಕು ಕಲಮು ಬರುತ್ತವೆ. ಅಂಗಡಿಗೆ ನುಗ್ಗಿದ್ದಕ್ಕೆ 329(4). ನಷ್ಟ 20,000 ರೂಪಾಯಿಯಿಂದ ಒಂದು ಲಕ್ಷದ ಒಳಗಿದ್ದರೆ 324(4). ಕೆನ್ನೆಗೆ ಹೊಡೆದಿದ್ದಕ್ಕೆ 115(2). ಬೈದಿದ್ದಕ್ಕೆ 352. ಈ ನಾಲ್ಕೂ ರಾಜಿಯಾಗಬಲ್ಲ ಅಪರಾಧಗಳು. ನೊಂದವರು ಒಪ್ಪಿದರೆ ಕೇಸು ಮುಗಿಸಲು ಕಾನೂನೇ ದಾರಿ ಕೊಟ್ಟಿದೆ. ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ಇದರ ಪಟ್ಟಿ ಇದೆ. 2024ರ ಜುಲೈಗೆ ಮುಂಚೆ ನಡೆದ ಘಟನೆಯಾದರೆ ಹಳೇ ಕಾನೂನಿನ ನಂಬರುಗಳು ಇರುತ್ತವೆ, ಗಾಬರಿ ಬೇಡ.

ಆದರೆ ಅದೇ ಹಾಳೆಯಲ್ಲಿ 118(1) ಅಂತ ಕಂಡರೆ ಸ್ವಲ್ಪ ನಿಲ್ಲಿ. ರಾಡೋ ಸೋಡಾ ಬಾಟಲಿಯೋ ಹಿಡಿದು ಗಾಯ ಮಾಡಿದರೆ ಹಾಕುವ ಕಲಮು ಅದು. ರಾಜಿ ಪಟ್ಟಿಯಲ್ಲಿ ಅದು ಇಲ್ಲ. ಇಬ್ಬರೂ ಕೈ ಕುಲುಕಿ ಮ್ಯಾಜಿಸ್ಟ್ರೇಟರ ಮುಂದೆ ನಿಂತರೂ ಅವರು ಕೇಸು ಮುಗಿಸುವ ಹಾಗಿಲ್ಲ. ಹೈಕೋರ್ಟಿಗೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಕೇಸು ರದ್ದು ಮಾಡಿ ಅಂತ ಕೇಳಬೇಕಾಗುತ್ತದೆ. ಖರ್ಚೂ ಜಾಸ್ತಿ, ಓಡಾಟವೂ ಜಾಸ್ತಿ. ನೀವು ಬರೆದ ಪ್ರಕಾರ ಬರಿಗೈಯಲ್ಲಿ ಹೊಡೆದಿದ್ದಾನೆ. ಹಾಗಾಗಿ ಮುಂದಿನದ್ದೆಲ್ಲ ಮೇಲಿನ ನಾಲ್ಕೇ ಕಲಮು ಇವೆ ಅಂತ ಇಟ್ಟುಕೊಂಡು ಹೇಳುತ್ತೇನೆ.

ಈಗ ಊರಿನವರ ಸಲಹೆಗೆ ಬರೋಣ. ಸ್ಟೇಷನ್ನಿನ ಮುಚ್ಚಳಿಕೆ ನಮ್ಮ ಕಡೆ ಬಹಳ ಹಳೇ ಮದ್ದು. ಎಸ್‌ಐ ಇಬ್ಬರನ್ನೂ ಕೂರಿಸಿ ಗದರಿಸುತ್ತಾರೆ, ಬಿಳಿ ಹಾಳೆಯಲ್ಲಿ 'ಇನ್ನು ಮುಂದೆ ತಂಟೆ ತಕರಾರು ಮಾಡುವುದಿಲ್ಲ' ಅಂತ ಬರೆಸುತ್ತಾರೆ, ಹೆಬ್ಬೆಟ್ಟೋ ಸಹಿಯೋ ಹಾಕಿಸಿ ಕಳಿಸುತ್ತಾರೆ. ಕೇಸೇ ಆಗದ ಸಣ್ಣ ಜಗಳಕ್ಕೆ ಅದು ಎಷ್ಟೋ ಸಲ ಸಾಕಾಗುತ್ತದೆ, ಇಲ್ಲ ಅನ್ನಲ್ಲ. ನಿಮ್ಮ ವಿಷಯದಲ್ಲಿ ಆಗಲೇ ಚಾರ್ಜ್‌ಶೀಟ್ ಕೋರ್ಟು ಸೇರಿದೆ. ಸ್ಟೇಷನ್ನಲ್ಲಿ ಏನೇ ಬರೆಸಿದರೂ ಕೋರ್ಟಿನ ಕೇಸು ಒಂದಿಂಚೂ ಅಲ್ಲಾಡುವುದಿಲ್ಲ. ಅಲ್ಲಿ ದುಡ್ಡು ಕೈ ಬದಲಾದರೆ ಅದಕ್ಕೆ ರಶೀದಿಯೂ ಇರುವುದಿಲ್ಲ. 'ಎಫ್‌ಐಆರ್ ವಾಪಸ್' ಅನ್ನುವ ಮಾತೂ ಅಷ್ಟೆ. ದೂರು ಕೊಟ್ಟವರು ಬೇಡ ಅಂದ ಕೂಡಲೇ ಎಫ್‌ಐಆರ್ ಮಾಯ ಆಗುವುದಿಲ್ಲ. ಕೋರ್ಟಿನ ಮುಂದೆ ರಾಜಿ ದಾಖಲಾಗಬೇಕು, ಆಗಲೇ ಅದು ಮುಗಿಯುವುದು.

ದುಡ್ಡು ತಗೊಳ್ಳೋದು ತಪ್ಪಾ ಅಂತ ಕೇಳಿದಿರಿ. ರಾಜಿಯಾಗದ ಅಪರಾಧದಲ್ಲಿ ತಪ್ಪು ಮಾಡಿದವನನ್ನು ಬಚಾವು ಮಾಡಲು ದುಡ್ಡು ತಗೊಂಡರೆ ಅದೇ ಇನ್ನೊಂದು ಅಪರಾಧ. ಆದರೆ ಕಾನೂನು ಪ್ರಕಾರ ರಾಜಿಯಾಗಬಲ್ಲ ಕೇಸಿಗೆ ಆ ಮಾತು ಅನ್ವಯಿಸುವುದಿಲ್ಲ ಅಂತ ಕಾನೂನೇ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಗಾಜಿನ ದುಡ್ಡು ನೀವು ತಗೊಂಡರೆ ಅದು ಲಂಚವೂ ಅಲ್ಲ, ಕೇಸು ಮಾರಿಕೊಂಡ ಹಾಗೂ ಅಲ್ಲ.

ನಿಮ್ಮ ವಕೀಲರು ಒಂದೇ ಉಸಿರಿನಲ್ಲಿ ಎರಡು ಬೇರೆ ಬೇರೆ ವಿಷಯ ಹೇಳಿದ್ದಾರೆ ಅನಿಸುತ್ತದೆ. ಒಂದು, ಕೋರ್ಟಿನ ಮಧ್ಯಸ್ಥಿಕೆಯಲ್ಲಿ ರಾಜಿ. ಇನ್ನೊಂದು, ನೊಂದವರೂ ತಪ್ಪು ಮಾಡಿದವನೂ ಮುಖಾಮುಖಿ ಕೂತು ಮಾತಾಡುವುದು. ನಮ್ಮಲ್ಲಿ ಇವೆರಡನ್ನೂ ಒಂದೇ ಅಂತ ತಿಳಿಯುತ್ತಾರೆ. ನಾನು ವಕೀಲಿಕೆ ಮಾಡುತ್ತಲೇ ಮಧ್ಯಸ್ಥಗಾರನಾಗಿ ಕೂರಲು ಶುರುಮಾಡಿ ಹದಿನೈದು ವರ್ಷ ದಾಟಿತು. ಮೊದಲ ನಾಲ್ಕೈದು ವರ್ಷ ನಾನೂ ಹಾಗೇ ತಿಳಿದಿದ್ದೆ.

ಮುಖಾಮುಖಿಯ ಈ ಪದ್ಧತಿ ಈಗಿನ ರೂಪದಲ್ಲಿ ಶುರುವಾದದ್ದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲ್ಮೈರಾ ಅನ್ನುವ ಸಣ್ಣ ಊರಿನಿಂದ. 1974ರಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿಯಲ್ಲಿ 22 ಕಡೆ ಗಾಜು ಒಡೆದು, ಟೈರು ಕೊಯ್ದು ಹಾಳು ಮಾಡಿದ್ದರು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿ, ಇವರು ನೊಂದವರ ಮನೆಗಳಿಗೇ ಹೋಗಿ ಮುಖ ತೋರಿಸಲಿ ಅಂತ ಸೂಚಿಸಿದರು. ನ್ಯಾಯಾಧೀಶ ಗಾರ್ಡನ್ ಮೆಕಾನಲ್ ಒಪ್ಪಿದರು. ಹುಡುಗರು ಮನೆ ಮನೆ ಬಾಗಿಲು ತಟ್ಟಿದರು, ಎಷ್ಟು ನಷ್ಟ ಆಯಿತು ಅಂತ ಕೇಳಿ ಬರೆದುಕೊಂಡರು, ಕೆಲವೇ ತಿಂಗಳಲ್ಲಿ ತೀರಿಸಿದರು. ಇದರಲ್ಲಿ ಎಲ್ಲರೂ ಬಾಗಿಲು ತಟ್ಟಿದ ಕಥೆಯನ್ನೇ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಅದಕ್ಕೆ ಮುಂಚಿನ ಒಂದು ಸಾಲು. ಅವರು ಬಾಗಿಲಿಗೆ ಹೋಗುವ ಮೊದಲೇ 'ಹೌದು, ನಾವೇ ಮಾಡಿದ್ದು' ಅಂದಿದ್ದರು.

ನಮ್ಮ ಕೋರ್ಟುಗಳ ಮಧ್ಯಸ್ಥಿಕೆ ಬೆಳೆದು ಬಂದ ದಾರಿ ಬೇರೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ಅಲ್ಲಿಗೆ ಬಂದದ್ದು ಹೆಚ್ಚಾಗಿ ಆಸ್ತಿ ಪಾಲು, ಗಂಡ ಹೆಂಡತಿ, ದುಡ್ಡಿನ ವ್ಯವಹಾರ. ಅಂಥ ಕೇಸಿನಲ್ಲಿ ಯಾರು ಸರಿ ಯಾರು ತಪ್ಪು ಅಂತ ಮಧ್ಯಸ್ಥಗಾರ ಕೇಳುವುದೇ ಇಲ್ಲ. 'ಹಿಂದಿನದು ಬಿಡಿ, ಮುಂದೇನು' ಅನ್ನುವುದೇ ನಮಗೆ ಕಲಿಸಿದ ಪಾಠ. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ನಡುವೆ ಎಲ್ಲೋ ಬಂದು ನಿಲ್ಲುತ್ತಾರೆ. ಗಾಜು ಒಡೆದ ಕೇಸಿಗೆ ಈ ಪಾಠ ತಂದರೆ ಎಡವಟ್ಟು. ನೀವು ಬಿಟ್ಟುಕೊಡಬೇಕಾದದ್ದು ಏನಿದೆ? ಅರ್ಧ ಗಾಜನ್ನಾ?

2023ರ ಮಧ್ಯಸ್ಥಿಕೆ ಕಾಯ್ದೆಯ ಪಠ್ಯದಲ್ಲೂ ಈ ಎಚ್ಚರ ಕಾಣುತ್ತದೆ. ಕ್ರಿಮಿನಲ್ ಕೇಸುಗಳನ್ನು ಅದು ಮಧ್ಯಸ್ಥಿಕೆಗೆ ತಕ್ಕವಲ್ಲದ ಪಟ್ಟಿಗೆ ಸೇರಿಸಿದೆ. ಜೊತೆಗೆ ಒಂದು ಕಿಟಕಿ ಇಟ್ಟಿದೆ. ರಾಜಿಯಾಗಬಲ್ಲ ಅಪರಾಧವಾದರೆ, ತಕ್ಕದ್ದು ಅನಿಸಿದರೆ, ಕೋರ್ಟು ಕಳಿಸಬಹುದು. ಆದರೆ ಅಲ್ಲಿ ಆದ ಒಪ್ಪಂದ ಕೋರ್ಟಿನ ಡಿಕ್ರಿಯ ಹಾಗೆ ಅಲ್ಲ, ಅದನ್ನು ಕೋರ್ಟು ಮತ್ತೆ ಕಾನೂನು ಪ್ರಕಾರ ನೋಡಬೇಕು. ಈ ಕೊನೆಯ ಮಾತು ನಿಮ್ಮ ಹಣದ ಪ್ರಶ್ನೆಗೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಮುಖಾಮುಖಿಯಿಂದ ದುಡ್ಡು ಬಿಟ್ಟು ಇನ್ನೇನು ಸಿಗುತ್ತದೆ ಅಂತ ನೀವು ಕೇಳಬಹುದು. ಒಬ್ಬ ನಿವೃತ್ತ ಮೇಷ್ಟ್ರ ಕೇಸು ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮನೆ ಮುಂದಿನ ಮಾವಿನ ಮರದಡಿ ನಿಲ್ಲಿಸಿದ್ದ ಅವರ ಸೈಕಲ್ ಕಳುವಾಯಿತು. ಹುಡುಗ ಸಿಕ್ಕಿಬಿದ್ದ, ಸೈಕಲ್ಲೂ ಸಿಕ್ಕಿತು. ಹಿಂದಿನ ಚಕ್ರ ಸೊಟ್ಟ ಆಗಿತ್ತು, ಅಷ್ಟೇ. ರಿಪೇರಿಗೆ ಆರುನೂರು ರೂಪಾಯಿ. ಅರ್ಧ ಗಂಟೆಯಲ್ಲಿ ಮುಗಿಯುವ ಕೇಸು ಅಂದುಕೊಂಡು ಕೂತೆ. ಮೇಷ್ಟ್ರಿಗೆ ಆರುನೂರು ಬೇಕಿರಲಿಲ್ಲ. ಅವರ ಪ್ರಶ್ನೆ ಒಂದೇ: 'ನಮ್ಮನೆ ನಾಯಿ ಯಾಕೆ ಬೊಗಳಲಿಲ್ಲ?' ಕಳುವಾದ ದಿನದಿಂದ ಮನೆಯವರ ಮೇಲೆ, ಕೆಲಸಕ್ಕೆ ಬರುವವಳ ಮೇಲೆ, ತಂಗಿಯ ಮಗನ ಮೇಲೆ ಅವರಿಗೆ ಗುಮಾನಿ ಹತ್ತಿತ್ತು. ಒಳಗಿನವರು ಯಾರೋ ಸೇರಿದ್ದಾರೆ ಅಂತ ರಾತ್ರಿ ನಿದ್ದೆ ಇರಲಿಲ್ಲ. ಹುಡುಗ ತಲೆ ಬಗ್ಗಿಸಿ ಹೇಳಿದ: 'ನಾನು ಎರಡು ವರ್ಷ ನಿಮ್ಮ ಬೀದಿಗೆ ಪೇಪರ್ ಹಾಕ್ತಿದ್ದೆ ಸಾರ್. ದಿನಾ ಅದಕ್ಕೆ ಬಿಸ್ಕತ್ತು ಹಾಕ್ತಿದ್ದೆ.' ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ 'ಯಾವ ಬಿಸ್ಕತ್ತು?' ಅಂತ ಕೇಳಿದರು. ಈ ಉತ್ತರ ಅವರಿಗೆ ವಿಚಾರಣೆಯಲ್ಲಿ ಎಂದೂ ಸಿಗುತ್ತಿರಲಿಲ್ಲ. ಅಲ್ಲಿ ಆರೋಪಿಗೆ ಅವನ ವಕೀಲರು ಹೇಳಿಕೊಡುವ ಮೊದಲ ಪಾಠವೇ 'ಗೊತ್ತಿಲ್ಲ' ಅನ್ನುವುದು.

ನಿಮಗೂ ಹೀಗೊಂದು ಪ್ರಶ್ನೆ ಇದೆಯಾ ಯೋಚಿಸಿ. ಅವತ್ತು ಕುಡಿದಿದ್ದನಾ, ಯಾರಾದರೂ ಕಳಿಸಿದ್ದರಾ, ನಮ್ಮ ಅಂಗಡಿಯೇ ಯಾಕೆ, ಮತ್ತೆ ಬರುತ್ತಾನಾ? ಇಂಥದ್ದು ನಿಮ್ಮನ್ನು ಕಾಡುತ್ತಿದ್ದರೆ ಮುಖಾಮುಖಿಯಿಂದ ಉಪಯೋಗ ಇದೆ. ಕಾಡುತ್ತಿಲ್ಲ, ಗಾಜಿನ ದುಡ್ಡು ಬಂದು ಈ ತಲೆನೋವು ತಪ್ಪಿದರೆ ಸಾಕು ಅನ್ನುವುದಾದರೆ ಅದೂ ಸರಿಯೇ. ಆಗ ಎದುರು ಕೂರುವ ಅಗತ್ಯವೇ ಇಲ್ಲ. ಮಧ್ಯಸ್ಥಗಾರರು ನಿಮ್ಮನ್ನು ಒಂದು ಕೋಣೆಯಲ್ಲಿ, ಅವನನ್ನು ಇನ್ನೊಂದರಲ್ಲಿ ಕೂರಿಸಿ ಮಾತು ದಾಟಿಸುತ್ತಾರೆ. ಬೇಡ ಅಂತ ಹೇಳುವ ಹಕ್ಕು ನಿಮ್ಮದು. ನೀವು ಬೇಡ ಅಂದಿದ್ದಕ್ಕೆ ಕೋರ್ಟಿನಲ್ಲಿ ನಿಮ್ಮ ಕೇಸಿಗೆ ಏಟು ಬೀಳುವುದಿಲ್ಲ.

ಮುಖಾಮುಖಿ ಬೇಕು ಅನಿಸಿದರೂ ಮೊದಲ ದಿನವೇ ಒಂದೇ ಮೇಜಿಗೆ ಹೋಗಬೇಡಿ. ಇದನ್ನು ನಾನು ಮಾಡಿದ ತಪ್ಪಿನಿಂದ ಹೇಳುತ್ತಿದ್ದೇನೆ. ಒಂದು ಹೊಡೆದಾಟದ ಕೇಸಿನಲ್ಲಿ ಸಿವಿಲ್ ಕೇಸಿನ ಅಭ್ಯಾಸದಂತೆ ಎಲ್ಲರನ್ನೂ ಒಟ್ಟಿಗೆ ಕರೆದೆ. ಹುಡುಗ ಕುರ್ಚಿಯಲ್ಲಿ ಒರಗಿ ಕೂತ. ವಕೀಲರು ಮೊಣಕೈಯಿಂದ ತಿವಿದ ಮೇಲೆ 'ಸಾರಿ' ಅಂದ. ಅನ್ನುವಾಗ ಕಣ್ಣು ಫೋನಿನ ಮೇಲಿತ್ತು. ಹೊಡೆತ ತಿಂದ ಹೆಂಗಸು ಎದ್ದು ಹೊರಗೆ ಹೋದರು. 'ಅವತ್ತು ಹೊಡೆದಾಗ ಇಷ್ಟು ನೋವಾಗಿರಲಿಲ್ಲ' ಅಂದರು. ಮತ್ತೆ ಕೇಂದ್ರಕ್ಕೆ ಬರಲೇ ಇಲ್ಲ. ತಪ್ಪು ಹುಡುಗನದ್ದು ಮಾತ್ರ ಅಲ್ಲ, ಅವನ ಜೊತೆ ಮುಂಚೆ ಒಬ್ಬನೇ ಕೂತು ಮಾತಾಡದ ನನ್ನದೂ ಹೌದು.

ಆದ್ದರಿಂದ ಮಧ್ಯಸ್ಥಗಾರರಿಗೆ ನೇರವಾಗಿ ಹೇಳಿ: ಮೊದಲು ನಮ್ಮ ಜೊತೆ ಬೇರೆ ಕೂತು ಮಾತಾಡಿ, ಆಮೇಲೆ ಅವನ ಜೊತೆ ಬೇರೆ. ಅವನ ಹತ್ತಿರ ಅವರು ತಿಳಿದುಕೊಳ್ಳಬೇಕಾದದ್ದು ಮುಖ್ಯವಾಗಿ ಒಂದು. ಅವತ್ತು ಏನು ಮಾಡಿದೆ ಅಂತ ಅವನ ಬಾಯಲ್ಲೇ ಹೇಳುತ್ತಾನಾ? 'ಗಾಜು ಹೇಗೋ ಒಡೀತು', 'ತಳ್ಳಾಟದಲ್ಲಿ ಕೈ ತಾಗಿರಬಹುದು' ಅನ್ನುತ್ತಿದ್ದರೆ ಅವನಿನ್ನೂ ತಯಾರಿಲ್ಲ. ಅಂಥವನ ಎದುರು ಕೂತರೆ ನೀವು ಮತ್ತೊಮ್ಮೆ ಸಾಕ್ಷಿ ಹೇಳಿದ ಹಾಗಾಗುತ್ತದೆ ಅಷ್ಟೇ. 'ನಾನೇ ಒಡೆದೆ, ಅವರಿಗೆ ಹೊಡೆದೆ' ಅಂದರೆ ಮುಂದುವರಿಯಬಹುದು. ಅವನು ಇದನ್ನು ಧೈರ್ಯವಾಗಿ ಹೇಳಬೇಕಾದರೆ ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯಬೇಕು. ಉಳಿಯುತ್ತದೆ. ಮಧ್ಯಸ್ಥಗಾರರು ಕೋರ್ಟಿಗೆ ಕಳಿಸುವ ವರದಿಯಲ್ಲಿ ರಾಜಿ ಆಯಿತು ಅಥವಾ ಆಗಲಿಲ್ಲ ಅಂತ ಮಾತ್ರ ಇರುತ್ತದೆ. ರಾಜಿ ಮುರಿದರೆ 'ಅಲ್ಲಿ ಒಪ್ಪಿಕೊಂಡಿದ್ದ' ಅಂತ ನೀವು ವಿಚಾರಣೆಯಲ್ಲಿ ಹೇಳುವ ಹಾಗಿಲ್ಲ. ಇದು ನಿಮಗೆ ಕಿರಿಕಿರಿ ಅನಿಸಬಹುದು. ಆದರೆ ಈ ಬೇಲಿ ಇಲ್ಲದಿದ್ದರೆ ಯಾವ ವಕೀಲರೂ ತಮ್ಮ ಕಕ್ಷಿದಾರನಿಗೆ ಬಾಯಿ ಬಿಡಲು ಬಿಡುವುದಿಲ್ಲ.

ಈಗ ಹಣದ ವಿಷಯ. ಇದನ್ನು ಅಂದಾಜಿನಲ್ಲಿ ಮಾತಾಡಬೇಡಿ. 'ಒಂದು ಐವತ್ತು ಸಾವಿರ ಕೊಡಲಿ' ಅಂತ ಶುರುವಾದ ಮಾತು ಸಂತೆ ಚೌಕಾಸಿಯಾಗಿ ಮುಗಿಯುತ್ತದೆ, ಕೊನೆಗೆ ನೀವೇ ದುಡ್ಡಿನ ಆಸೆಗೆ ಬಿದ್ದವರ ಹಾಗೆ ಕಾಣುತ್ತೀರಿ. ಪಟ್ಟಿ ಮಾಡಿ. ಉದಾಹರಣೆಗೆ ನಿಮ್ಮ ಲೆಕ್ಕ ಹೀಗಿದೆ ಅಂತ ಇಟ್ಟುಕೊಳ್ಳೋಣ. ಶೋಕೇಸ್ ಗಾಜು ಹಾಕಿಸಿದ್ದು 16,500. ತೂಕದ ಮಷಿನ್ 6,000. ಯಜಮಾನರ ಆಸ್ಪತ್ರೆ ಮತ್ತು ಔಷಧಿ 1,900. ಮೂರು ದಿನ ಅಂಗಡಿ ಮುಚ್ಚಿದ್ದರಿಂದ ಹೋದ ಲಾಭ 4,500. ಒಟ್ಟು 28,900. ಗಾಜಿನವರ ಬಿಲ್ಲು, ಮೆಡಿಕಲ್ ಚೀಟಿ, ಹಿಂದಿನ ತಿಂಗಳ ವ್ಯಾಪಾರದ ಪುಸ್ತಕ ಜೊತೆಗಿರಲಿ. ಪೊಲೀಸರು ಮಾಡಿದ ಸ್ಥಳ ಮಹಜರಿನಲ್ಲಿ ಏನೇನು ಒಡೆದಿದೆ ಅಂತ ಬರೆದಿರುತ್ತಾರೆ, ಅದಕ್ಕೂ ನಿಮ್ಮ ಪಟ್ಟಿಗೂ ತಾಳೆಯಾಗಬೇಕು. ನೋವಿಗೆ ಅಂತ ಬೇರೆ ಮೊತ್ತ ಕೇಳಬಾರದಾ? ಕೇಳಬಹುದು. ಕೇಳಿದರೆ ಅದನ್ನು ಬೇರೆ ಸಾಲಿನಲ್ಲೇ ಬರೆಯಿರಿ, ಗಾಜಿನ ರೇಟಿಗೆ ಸೇರಿಸಿ ಉಬ್ಬಿಸಬೇಡಿ.

ಯಾರು ಕೊಡುತ್ತಾರೆ ಅನ್ನುವುದನ್ನೂ ಕೇಳಿ. ನಮ್ಮಲ್ಲಿ ಹೆಚ್ಚಾಗಿ ಆಗುವುದು ಇದು: ತಾಯಿ ಕೊರಳಿನ ಸರ ಅಡ ಇಟ್ಟು ಒಂದೇ ಕಂತಿನಲ್ಲಿ ಕಟ್ಟುತ್ತಾರೆ, ಹುಡುಗ ಹೊಸ ಶರ್ಟು ಹಾಕಿಕೊಂಡು ಬಂದು ಸಹಿ ಮಾಡಿ ಹೋಗುತ್ತಾನೆ. ಶಿಕ್ಷೆ ಆದದ್ದು ಯಾರಿಗೆ? ಹುಡುಗ ಗ್ಯಾರೇಜಿಗೋ ಡೆಲಿವರಿಗೋ ಹೋಗಿ ದುಡಿಯುತ್ತಿದ್ದರೆ ಮೊದಲ ಕಂತು 10,000 ಮನೆಯವರು ಕೊಡಲಿ. ಉಳಿದ 18,900 ಅವನೇ ತಿಂಗಳಿಗೆ 3,150ರಂತೆ ಆರು ತಿಂಗಳು ಕಟ್ಟಲಿ. ನಿಮ್ಮ ಬ್ಯಾಂಕ್ ಖಾತೆಗೆ, ಅವನ ಖಾತೆಯಿಂದ. ಆರು ಸಲ ಅವನ ಸಂಬಳದಿಂದ ಹೋದ ಮೂರು ಸಾವಿರ ಅವನಿಗೆ ನೆನಪಿರುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಇದನ್ನು ಎರಡು ಸಲ ಓದಿ. ರಾಜಿ ಕೋರ್ಟಿನಲ್ಲಿ ದಾಖಲಾದ ಗಳಿಗೆಯಲ್ಲಿ ಅವನು ಖುಲಾಸೆಯಾದ ಹಾಗೆ. 359ನೇ ಕಲಮು ಹಾಗೇ ಹೇಳುತ್ತದೆ. ಆಮೇಲೆ ಅವನು ಕಂತು ಕಟ್ಟಲಿಲ್ಲ ಅಂತ ಅದೇ ಕೇಸನ್ನು ಮತ್ತೆ ತೆರೆಯಲು ಆಗುವುದಿಲ್ಲ. ಮಧ್ಯಸ್ಥಿಕೆಯ ಒಪ್ಪಂದ ಡಿಕ್ರಿ ಅಲ್ಲ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಹಿಡಿದು ನೇರವಾಗಿ ವಸೂಲಿಗೂ ಹೋಗಲಾಗದು. ಹಾಗಾಗಿ ಒಪ್ಪಂದ ಮೊದಲು, ಹಣ ಆಮೇಲೆ, ರಾಜಿ ಅರ್ಜಿ ಕಟ್ಟಕಡೆಗೆ. ಕೊನೆ ಕಂತು ನಿಮ್ಮ ಖಾತೆಗೆ ಬಿದ್ದ ಮೇಲಷ್ಟೇ ರಾಜಿ ಅರ್ಜಿಗೆ ಸಹಿ ಹಾಕುತ್ತೇವೆ, ಅಲ್ಲಿಯವರೆಗೆ ಕೇಸು ವಾಯಿದೆಯಲ್ಲಿರಲಿ ಅಂತ ಒಪ್ಪಂದದಲ್ಲೇ ಬರೆಸಿ. ನಡುವೆ ತಪ್ಪಿಸಿದರೆ ಕೇಸು ನಿಂತ ಜಾಗದಿಂದ ಮುಂದುವರಿಯುತ್ತದೆ.

ಆರು ತಿಂಗಳು ಕಾಯಲು ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ? ಹಳೇ ಕೇಸು ಮುಗಿಸುವ ಒತ್ತಡ ಅವರಿಗೂ ಇರುತ್ತದೆ. ಆಗ ಕಂತು ಮೂರಕ್ಕೆ ಇಳಿಸಿ, ಇಲ್ಲವೇ ಲೋಕ ಅದಾಲತ್ತಿನಲ್ಲಿ ಮುಗಿಸಿ. ಲೋಕ ಅದಾಲತ್ತಿನ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ. ಕ್ರಿಮಿನಲ್ ಕೋರ್ಟು ಕಳಿಸಿದ ಒಂದು ಚೆಕ್ ಬೌನ್ಸ್ ಕೇಸಿನಲ್ಲಿ ಆದ ಆದೇಶವನ್ನೂ ಡಿಕ್ರಿಯಂತೆ ಜಾರಿ ಮಾಡಿಸಬಹುದು ಅಂತ 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ 3,150 ರೂಪಾಯಿಗೆ ಅಮಲ್ಜಾರಿ ಅರ್ಜಿ ಹಾಕಿಕೊಂಡು ಅಲೆಯುವುದು ಯಾರಿಗೆ ಬೇಕು? ಬಾಕಿ ಇರುವಾಗ ಸಹಿ ಹಾಕದಿರುವುದೇ ಸುಲಭ.

ಸಹಿ ಅಂದಾಗ ನೆನಪಾಯಿತು. ನೀವೊಬ್ಬರೇ ಸಹಿ ಹಾಕಿದರೆ ಸಾಲದು. ಹೊಡೆದ ಕಲಮಿಗೆ ರಾಜಿಯಾಗುವ ಹಕ್ಕು ಏಟು ತಿಂದವರದ್ದು, ಅಂದರೆ ನಿಮ್ಮ ಯಜಮಾನರದ್ದು. ಗಾಜು ಮತ್ತು ಅಂಗಡಿಗೆ ನುಗ್ಗಿದ್ದು ನಿಮ್ಮ ಲೆಕ್ಕ, ಅಂಗಡಿ ನಿಮ್ಮ ಸ್ವಾಧೀನದಲ್ಲಿ ಇರುವುದರಿಂದ. ಬೈದದ್ದು ಯಾರಿಗೋ ಅವರು. ಇಬ್ಬರೂ ಮನಸಾರೆ ಒಪ್ಪಿದ್ದೀರಾ ಅಂತ ಮನೆಯಲ್ಲೇ ಮೊದಲು ಮಾತಾಡಿಕೊಳ್ಳಿ. ಹೆಂಡತಿಗೆ ಬೇಡ, ಗಂಡ ಊರಿನವರ ಮುಲಾಜಿಗೆ ಬಿದ್ದು ಒಪ್ಪಿದ್ದಾರೆ, ಇಂಥದ್ದನ್ನು ಬಹಳ ನೋಡಿದ್ದೇನೆ.

ತಾಯಿ ಯಾಕೆ ದಿನಾ ಬರುತ್ತಾರೆ ಅನ್ನುವುದೂ ನಿಮಗೆ ತಿಳಿದಿರಲಿ. ಮಗನ ಕೆಲಸ, ಪೊಲೀಸ್ ವೆರಿಫಿಕೇಶನ್ನು, ಇವುಗಳ ಭಯ. ಶಿಕ್ಷೆಯಾದರೆ ಆ ಕಲೆ ಉಳಿಯುತ್ತದೆ, ರಾಜಿಯಾದರೆ ಖುಲಾಸೆ. ಆದರೂ ಸರ್ಕಾರಿ ಕೆಲಸದ ಫಾರಂನಲ್ಲಿ ಹಿಂದಿನ ಕೇಸಿನ ಬಗ್ಗೆ ಕೇಳಿದರೆ ಮುಚ್ಚಿಡುವ ಹಾಗಿಲ್ಲ. 'ರಾಜಿಯಾದರೆ ಕೇಸೇ ಇರಲಿಲ್ಲ ಅನ್ನೋ ಹಾಗೆ ಆಗುತ್ತೆ' ಅಂತ ಯಾರೋ ಆಕೆಗೆ ಹೇಳಿದ್ದರೆ ಅದು ಸುಳ್ಳು. ರಾಜಿಯೇ ಆಗದಿದ್ದರೂ ಹುಡುಗ ಜೈಲಿಗೆ ಹೋಗುವ ಸಂಭವ ಕಡಿಮೆ. ಮೊದಲ ಸಲದ ಇಂಥ ತಪ್ಪಿಗೆ 1958ರ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ, ಒಳ್ಳೆ ನಡತೆಯ ಬಾಂಡ್ ಬರೆಸಿಕೊಂಡೋ ಬಿಡಬಹುದು. ಜೊತೆಗೆ ನಿಮಗೆ ಪರಿಹಾರ ಕೊಡಿಸುವ ಅಧಿಕಾರವೂ ಕೋರ್ಟಿಗೆ ಇದೆ. ಅಂದರೆ ಅವನ ಬದುಕು ನಿಮ್ಮೊಬ್ಬರ ಸಹಿಯ ಮೇಲೆ ನಿಂತಿಲ್ಲ. ಆ ಭಾರ ಹೊತ್ತುಕೊಂಡು ಒಪ್ಪಬೇಡಿ.

'ಇನ್ನು ಅಂಗಡಿ ಕಡೆ ಬರಬಾರದು, ಬೈಯಬಾರದು' ಅಂತ ಒಪ್ಪಂದದಲ್ಲಿ ಬರೆಸಬಹುದಾ? ಬರೆಸಿ. ಆದರೆ ಅದರ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ. ಖುಲಾಸೆಯಾದ ಮೇಲೆ ಆ ಸಾಲನ್ನು ಮುರಿದರೆ ಹಳೇ ಕೇಸು ಎದ್ದು ಬರುವುದಿಲ್ಲ, ಹೊಸ ದೂರೇ ಕೊಡಬೇಕು. ಹುಡುಗ ಈಗಲೂ ಅಂಗಡಿ ಮುಂದೆ ಗಾಡಿ ರೇಸ್ ಮಾಡಿಕೊಂಡು ಹೋಗುತ್ತಿದ್ದರೆ, ರಾತ್ರಿ ಫೋನ್ ಮಾಡಿಸುತ್ತಿದ್ದರೆ, ಸಾಕ್ಷಿಗಳನ್ನು ಹೆದರಿಸುತ್ತಿದ್ದರೆ, ಮಧ್ಯಸ್ಥಿಕೆಯ ಮಾತೇ ಬೇಡ. ಕೋರ್ಟಿಗೆ ತಿಳಿಸಿ. ನಿಮ್ಮ ಕೈ ನಡುಗುವುದು ಆ ರಾತ್ರಿಯ ನೆನಪಿನಿಂದಾದರೆ, ತಯಾರಿ ಮಾಡಿ ಕೂತ ಮುಖಾಮುಖಿ ಅದನ್ನು ಎಷ್ಟೋ ಸಲ ಇಳಿಸುತ್ತದೆ. ಇವತ್ತಿಗೂ ನಡೆಯುತ್ತಿರುವ ಬೆದರಿಕೆಯಿಂದಾದರೆ ಅದೇ ಮುಖಾಮುಖಿ ಅದನ್ನು ಹೆಚ್ಚಿಸುತ್ತದೆ. ಇವೆರಡರಲ್ಲಿ ಯಾವುದು ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಇದೇ ಕಾರಣಕ್ಕೆ ಕೆಲವು ಕೇಸುಗಳಲ್ಲಿ ನಾನು ಕೂರುವುದೇ ಇಲ್ಲ. ಗಂಡ ಹೆಂಡತಿಗೆ ಹೊಡೆದ ಕೇಸು, ಕಲಮು ಅದೇ 115(2) ಆಗಿರಬಹುದು. ಆಕೆ ಸಂಜೆ ಅದೇ ಮನೆಗೆ ಹೋಗಬೇಕು. ನನ್ನ ಮುಂದೆ ಆಕೆ ಹೇಳುವ 'ಒಪ್ಪಿದ್ದೇನೆ' ಅನ್ನುವ ಮಾತಿಗೆ ಏನು ಬೆಲೆ? ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಂತೂ ರಾಜಿಯ ಮಾತೇ ಇಲ್ಲ. ಮಧ್ಯಪ್ರದೇಶದಲ್ಲಿ ಆರೋಪಿಗೆ ಜಾಮೀನು ಕೊಡುವಾಗ ದೂರು ಕೊಟ್ಟ ಹೆಂಗಸಿನ ಕೈಯಿಂದ ರಾಖಿ ಕಟ್ಟಿಸಿಕೊಳ್ಳಬೇಕು ಅಂತ ಷರತ್ತು ಹಾಕಿದ್ದರು. ಸುಪ್ರೀಂ ಕೋರ್ಟು 2021ರಲ್ಲಿ ಅದನ್ನು ತೆಗೆದುಹಾಕಿತು, ಇಂಥ ಕೇಸುಗಳಲ್ಲಿ ರಾಜಿಯ ಸಲಹೆಯನ್ನೇ ಕೊಡಬಾರದು ಅಂದಿತು.

ಬಲ ಉಲ್ಟಾ ಇರುವ ಕೇಸೂ ಇದೆ, ಅದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಮನೆಗೆಲಸದವಳ ಮೇಲೆ ಉಂಗುರ ಕದ್ದ ಆರೋಪ. ಕಾಗದದಲ್ಲಿ ಮಾಲೀಕರು ನೊಂದವರು, ಆಕೆ ತಪ್ಪಿತಸ್ಥೆ. ಆಕೆ ಕದ್ದಿದ್ದಾಳೋ ಇಲ್ಲವೋ, ಕೆಲಸ ಹೋದರೆ ಸಾಕು, ಬಿಟ್ಟುಬಿಡಲಿ ಅಂತ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಇಂಥ ಕಡೆ 'ತಪ್ಪು ಒಪ್ಪಿಕೊಂಡರೆ ಮುಂದುವರಿಯಬಹುದು' ಅನ್ನುವ ನನ್ನದೇ ಸೂತ್ರ ನನಗೆ ಕೈಕೊಡುತ್ತದೆ. ಆಕೆಗೆ ಬೇರೆ ವಕೀಲರು ಸಿಗುವವರೆಗೆ ನಾನು ಮುಂದೆ ಹೋಗುವುದಿಲ್ಲ.

ನಿಮ್ಮ ಕೇಸಿಗೆ ಹತ್ತಿರದ ಅಪಾಯ ಇನ್ನೊಂದಿದೆ: ಕೌಂಟರ್ ಕೇಸು. ಹುಡುಗನ ಕಡೆಯವರು 'ಅಂಗಡಿಯವರೇ ಮೊದಲು ಕೈ ಮಾಡಿದರು' ಅಂತ ಒಂದು ದೂರು ಕೊಟ್ಟಿದ್ದಾರಾ ಸ್ಟೇಷನ್ನಲ್ಲಿ ವಿಚಾರಿಸಿ. ಕೊಟ್ಟಿದ್ದರೆ ಎರಡೂ ಒಟ್ಟಿಗೇ ಮುಗಿಯಬೇಕು. ನೀವು ನಿಮ್ಮದನ್ನು ರಾಜಿ ಮಾಡಿಕೊಂಡು ಮನೆಗೆ ಬಂದು, ಅವರದ್ದು ನಿಮ್ಮ ಯಜಮಾನರ ಮೇಲೆ ಉಳಿದರೆ ಆಮೇಲೆ ಕೇಳುವವರಿಲ್ಲ. ಹಾಗೆ ಎರಡೂ ಕಡೆ ಕೇಸಿದ್ದರೆ ಮುಖಾಮುಖಿಯೂ ಕಷ್ಟ. ಇಬ್ಬರೂ ತಾವೇ ನೊಂದವರು ಅಂತ ಬಂದು ಕೂರುತ್ತಾರೆ.

ನಿಮ್ಮ ವಕೀಲರ ಬಗ್ಗೆ ಅನುಮಾನ ಇದ್ದರೆ, ಅಥವಾ ಫೀಸು ಭಾರ ಅನಿಸಿದರೆ, ತಾಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಅವನ ತಾಯಿ ನಾಳೆ ಮತ್ತೆ ಬಂದರೆ ಒಂದು ಲೋಟ ಟೀ ಕೊಡಿ, ಅದರಲ್ಲಿ ತಪ್ಪಿಲ್ಲ. ಕೇಸಿನ ಮಾತು ಮಾತ್ರ ಅಂಗಡಿಯಲ್ಲಿ ಬೇಡ. 'ಮಾತಾಡಬೇಕಾದವನು ನಿಮ್ಮ ಮಗ, ಮುಂದಿನ ವಾಯಿದೆಗೆ ಅವನನ್ನು ಅವರ ವಕೀಲರ ಜೊತೆ ಕಳಿಸಿ' ಅಂತ ಹೇಳಿ. ಆ ವಾಯಿದೆಗೆ ನೀವು ಹೋಗುವಾಗ ಬಿಲ್ಲುಗಳ ಜೆರಾಕ್ಸ್ ಎರಡು ಸೆಟ್ ಇಟ್ಟುಕೊಳ್ಳಿ. ಒಂದು ಮಧ್ಯಸ್ಥಗಾರರಿಗೆ, ಇನ್ನೊಂದು ಅವನಿಗೆ. ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ.